ಅರ್ಧ ಗಂಟೆ ಬೇಡ, ವರ್ಗಾವಣೆ ಬೇಕು: ಒಬ್ಬ ಗಣಿತ ಶಿಕ್ಷಕಿಯ ಎರಡು ಅರ್ಜಿಗಳು

ಬೆಂಗಳೂರಿನಲ್ಲಿ ಹಲವು ಶಾಖೆಗಳಿರುವ ಒಂದು ಖಾಸಗಿ ಶಿಕ್ಷಣ ಟ್ರಸ್ಟ್‌ನ ಕೇಂದ್ರ ಕಚೇರಿಯಲ್ಲಿ ನಾನು ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತಿದ್ದ ಕಾಲದ ಪ್ರಕರಣವಿದು. ಶಿಕ್ಷಕಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಅವರ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ವರ್ಗಾವಣೆಯ ಅರ್ಜಿಗಳು ನನ್ನ ಮೇಜಿಗೆ ಪ್ರತಿವರ್ಷ ಬರುತ್ತಿದ್ದವು. ಹೆಚ್ಚಿನವು ಒಂದೇ ಸಲ ಓದಿಸಿಕೊಂಡು ಫೈಲ್ ಸೇರುತ್ತಿದ್ದವು. ಈ ಶಿಕ್ಷಕಿ ಒಂದೇ ಕಾರಣಕ್ಕೆ ಎರಡು ಸಲ ಅರ್ಜಿ ಕೊಟ್ಟರು. ಮೊದಲನೆಯದರಿಂದ ಅವರ ಪರಿಸ್ಥಿತಿ ಇನ್ನಷ್ಟು ಬಿಗಡಾಯಿಸಿತು, ಎರಡನೆಯದರಿಂದ ಕೆಲಸವಾಯಿತು. ಕುಟುಂಬದ ಕಷ್ಟ ಎರಡರಲ್ಲೂ ಅಷ್ಟೇ ಇತ್ತು.

ಹಿನ್ನೆಲೆ

ಮೇಡಂ ಯಲಹಂಕದ ಕಡೆಯ ಶಾಖೆಯಲ್ಲಿ ಪ್ರೌಢಶಾಲೆಗೆ ಗಣಿತ ಹೇಳುತ್ತಿದ್ದರು. ಸೇರಿ ಒಂಬತ್ತು ವರ್ಷವಾಗಿತ್ತು. ಹತ್ತನೇ ತರಗತಿಯ ಎರಡೂ ಸೆಕ್ಷನ್ ಅವರವೇ, ಜತೆಗೆ ಒಂಬತ್ತರ ಒಂದು. ಮನೆ ಮೊದಲು ಶಾಲೆಯ ಹತ್ತಿರವೇ ಇತ್ತು. ತಂದೆಯ ಎರಡೂ ಮೂತ್ರಪಿಂಡ ಕೈಕೊಟ್ಟು ಡಯಾಲಿಸಿಸ್ ಶುರುವಾದ ಮೇಲೆ, ಗಂಡ ಮತ್ತು ಮೂರನೇ ತರಗತಿಯ ಮಗನೊಂದಿಗೆ ಬನಶಂಕರಿಯ ತವರು ಮನೆಗೇ ಬಂದು ನೆಲೆಸಿದರು. ಒಬ್ಬಳೇ ಮಗಳು. ತಾಯಿಗೆ ಎರಡೂ ಮಂಡಿ ನೋವು. ಗಂಡನಿಗೆ ಹೊಸೂರಿನ ಕಾರ್ಖಾನೆಯಲ್ಲಿ ಕೆಲಸ, ಬೆಳಗ್ಗೆ ಆರೂವರೆಗೆ ಕಂಪನಿ ಬಸ್ಸು, ಮನೆಗೆ ಬರುವಾಗ ರಾತ್ರಿ ಎಂಟು.

ಡಯಾಲಿಸಿಸ್ ವಾರಕ್ಕೆ ಮೂರು ದಿನ, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಜಯನಗರದ ಕೇಂದ್ರದಲ್ಲಿ ಇವರಿಗೆ ಸಿಕ್ಕಿದ್ದು ಸೋಮವಾರ, ಬುಧವಾರ, ಶುಕ್ರವಾರದ ಮಧ್ಯಾಹ್ನದ ಪಾಳಿ. ಹೋಗುವಾಗ ತೊಂದರೆಯಿಲ್ಲ, ತಾಯಿ ಆಟೊದಲ್ಲಿ ಕರೆದುಕೊಂಡು ಹೋಗುತ್ತಿದ್ದರು. ತೊಂದರೆಯೆಲ್ಲ ವಾಪಸ್ ಬರುವಾಗ. ಮೆಷಿನ್‌ನಿಂದ ಬಿಡಿಸಿದ ಮೇಲೆ ಸೂಜಿ ಚುಚ್ಚಿದ ಜಾಗವನ್ನು ರಕ್ತ ನಿಲ್ಲುವವರೆಗೆ ಒತ್ತಿ ಹಿಡಿಯಬೇಕು, ಎದ್ದು ನಿಂತಾಗ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ಒಂದು ಸಂಜೆ ಅವರು ಕೇಂದ್ರದ ಮೆಟ್ಟಿಲ ಮೇಲೆ ಕುಸಿದಾಗ ತಾಯಿಗೆ ಹಿಡಿದುಕೊಳ್ಳಲು ಆಗಲಿಲ್ಲ. ಆಟೊದವರೇ ಬಂದು ಎತ್ತಿ ಕೂರಿಸಿದ್ದರಂತೆ.

ಹಾಗಾಗಿ ವಾರಕ್ಕೆ ಮೂರು ದಿನ ಸಂಜೆ ನಾಲ್ಕೂಕಾಲಿಗೆ ಜಯನಗರದಲ್ಲಿ ಗಟ್ಟಿಮುಟ್ಟಾದ ಒಬ್ಬರು ಇರಲೇಬೇಕಿತ್ತು. ಶಾಲೆ ಬಿಡುವುದು ಮೂರೂವರೆಗೆ. ಯಲಹಂಕದಿಂದ ಮೆಜೆಸ್ಟಿಕ್‌ಗೆ ಬಸ್ಸು, ಅಲ್ಲಿಂದ ಹಸಿರು ಮೆಟ್ರೊ. ಹೆಬ್ಬಾಳ ಮತ್ತು ಮೇಖ್ರಿ ಸರ್ಕಲ್ ದಾಟುವ ಹೊತ್ತಿಗೆ ಸಂಜೆಯ ದಟ್ಟಣೆ ಶುರುವಾಗಿರುತ್ತದೆ, ಜಯನಗರ ಮುಟ್ಟುವಾಗ ಐದೂವರೆ. ಅದೇ ಟ್ರಸ್ಟ್‌ನ ಬನಶಂಕರಿ ಕಡೆಯ ಶಾಖೆಯಿಂದ ಮೂರೂವರೆಗೆ ಹೊರಟರೆ ನಾಲ್ಕಕ್ಕೆಲ್ಲ ಅಲ್ಲಿರಬಹುದು.

ಮೊದಲ ಅರ್ಜಿ

ಜುಲೈನಲ್ಲಿ ಮುಖ್ಯೋಪಾಧ್ಯಾಯಿನಿಯವರ ಮುಖಾಂತರ ಕಾರ್ಯದರ್ಶಿಗಳಿಗೆ ಅರ್ಜಿ ಬಂತು. ಕೈಬರಹದಲ್ಲಿ ಎರಡೂವರೆ ಪುಟ. ತಂದೆಯ ಕಾಯಿಲೆಯ ಆರಂಭ, ಆಸ್ಪತ್ರೆಯ ಅಲೆದಾಟ, ತಾಯಿಯ ಕಣ್ಣೀರು ಎಲ್ಲ ಅದರಲ್ಲಿತ್ತು. ಓದಿದರೆ ಯಾರ ಕರುಳಾದರೂ ಚುರುಕ್ ಅನ್ನುತ್ತದೆ. ಸೇವೆಯ ಬಗ್ಗೆ ಇದ್ದದ್ದು ಒಂದೇ ಸಾಲು: ‘ಕಳೆದ ಒಂಬತ್ತು ವರ್ಷಗಳಿಂದ ನಿಷ್ಠೆಯಿಂದ ಸೇವೆ ಸಲ್ಲಿಸುತ್ತಾ ಬಂದಿರುತ್ತೇನೆ.’ ಜತೆಗೆ ಲ್ಯಾಬ್ ವರದಿ, ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ಚೀಟಿಗಳ ದಪ್ಪ ಕಟ್ಟು. ಕೊನೆಯಲ್ಲಿ ಹೀಗಿತ್ತು:

‘ಆದ್ದರಿಂದ ತಾವು ದಯಮಾಡಿ ನನ್ನನ್ನು ಬನಶಂಕರಿ ಶಾಖೆಗೆ ವರ್ಗಾಯಿಸಬೇಕಾಗಿ ಪ್ರಾರ್ಥನೆ. ಅದು ಸಾಧ್ಯವಾಗದಿದ್ದಲ್ಲಿ ವಾರದಲ್ಲಿ ಮೂರು ದಿನ ಅರ್ಧ ಗಂಟೆ ಮುಂಚಿತವಾಗಿಯಾದರೂ ಶಾಲೆಯಿಂದ ಹೊರಡಲು ಅನುಮತಿ ನೀಡಬೇಕಾಗಿ ವಿನಂತಿ.’

ಆ ಎರಡನೇ ವಾಕ್ಯವೇ ಅರ್ಜಿಯನ್ನು ಮುಗಿಸಿಬಿಟ್ಟಿತು.

ಕೇಂದ್ರ ಕಚೇರಿಯಲ್ಲಿ ವರ್ಗಾವಣೆಯ ಅರ್ಜಿ ಹೇಗೆ ಚರ್ಚೆಯಾಗುತ್ತದೆ ಎಂದು ಹೇಳಿದರೆ ಇದು ಅರ್ಥವಾಗುತ್ತದೆ. ಕಾರಣ ನಿಜವೇ ಸುಳ್ಳೇ ಎಂದು ಯಾರೂ ಹೆಚ್ಚು ಹೊತ್ತು ಮಾತಾಡುವುದಿಲ್ಲ. ಮೊದಲ ಪ್ರಶ್ನೆ ಬರುವುದು, ಇವರು ಹೋದರೆ ಹತ್ತನೇ ತರಗತಿಗೆ ಯಾರು ಎಂದು. ಆಮೇಲೆ, ಆ ಶಾಖೆಯಲ್ಲಿ ಹುದ್ದೆ ಖಾಲಿ ಇದೆಯೇ. ಆಮೇಲೆ, ಇವರಿಗೆ ಕೊಟ್ಟರೆ ನಾಳೆ ಇನ್ನೆಷ್ಟು ಜನ ಬರುತ್ತಾರೆ. ಮೊದಲ ಅರ್ಜಿಯಲ್ಲಿ ಈ ಮೂರಕ್ಕೂ ಒಂದಕ್ಷರ ಉತ್ತರವಿರಲಿಲ್ಲ. ಬನಶಂಕರಿಯಲ್ಲಿ ಗಣಿತದ ಹುದ್ದೆ ಖಾಲಿ ಇರಲಿಲ್ಲ. ಯಲಹಂಕದಲ್ಲಿ ಶೈಕ್ಷಣಿಕ ವರ್ಷ ಶುರುವಾಗಿ ಎರಡನೇ ತಿಂಗಳು ನಡೆಯುತ್ತಿತ್ತು. ಹೀಗಿರುವಾಗ ಅರ್ಜಿದಾರರೇ ‘ಅರ್ಧ ಗಂಟೆಯಾದರೂ ಕೊಡಿ’ ಎಂದಿದ್ದಾರೆ. ಕಾರ್ಯದರ್ಶಿಗಳು ಅದರ ಕೆಳಗೆ ಗೆರೆ ಎಳೆದು ‘ಅನುಮತಿಸಿದೆ’ ಎಂದು ಬರೆದರು. ಅವರು ಕಟುಕರೇನಲ್ಲ. ಕೇಳಿದ್ದನ್ನು ಕೊಟ್ಟೆ ಎಂಬ ಸಮಾಧಾನದಲ್ಲೇ ಸಹಿ ಹಾಕಿದ್ದರು.

ಆ ಅರ್ಧ ಗಂಟೆಯಿಂದ ಆದ ಉಪಕಾರ ಏನೂ ಇಲ್ಲ. ಮೂರಕ್ಕೆ ಹೊರಟರೂ ಜಯನಗರ ತಲುಪುವಾಗ ಐದಾಗುತ್ತಿತ್ತು. ಅಪಕಾರ ಮಾತ್ರ ಆಯಿತು. ಕೊನೆಯ ಪಿರಿಯಡ್ ನಡುವಿನಲ್ಲಿ ಅವರು ಎದ್ದು ಹೋದಾಗ ಉಳಿದ ಅರ್ಧಕ್ಕೆ ಬೇರೆ ಟೀಚರ್ ಸಬ್‌ಸ್ಟಿಟ್ಯೂಷನ್ ಹೋಗಬೇಕಿತ್ತು. ಸ್ಟಾಫ್ ರೂಮಿನಲ್ಲಿ ಗೊಣಗಾಟ ಶುರುವಾಯಿತು. ‘ಮೇಡಂಗೆ ಸ್ಪೆಷಲ್ ಟೈಮಿಂಗ್’ ಎಂಬ ಮಾತು ಹೆಚ್‌ಎಂ ಕಿವಿಗೂ ಬಿತ್ತು. ಆಗಸ್ಟ್ ಹೊತ್ತಿಗೆ ಅವರಿಗೆ ವರ್ಗಾವಣೆಯೂ ಇಲ್ಲ, ಸಹೋದ್ಯೋಗಿಗಳ ಸದ್ಭಾವನೆಯೂ ಇಲ್ಲ. ಮತ್ತೆ ಕೇಳಹೋದರೆ, ‘ಒಮ್ಮೆ ಕೊಟ್ಟಿದ್ದೇವಲ್ಲ’ ಎಂಬ ಉತ್ತರ ಸಿದ್ಧವಾಗಿತ್ತು.

ತಿರುವು

ತಿಂಗಳ ಹಾಜರಾತಿ ಪಟ್ಟಿಯಲ್ಲಿ ಆ ಮೂರು ದಿನಗಳ ಮುಂದೆ ಅವರು ಅರ್ಧ ದಿನದ ರಜೆಯನ್ನೂ ಹಾಕುತ್ತಿರುವುದು ಕಂಡು ನಾನೇ ಫೋನ್ ಮಾಡಿದೆ.

‘ಅರ್ಧ ಗಂಟೆ ಪರ್ಮಿಷನ್ ಇದೆಯಲ್ಲಾ ಮೇಡಂ, ಮತ್ತೆ ರಜೆ ಯಾಕೆ?’

‘ಸರ್, ಮೂರಕ್ಕೆ ಬಿಟ್ಟರೆ ನಾನು ಜಯನಗರಕ್ಕೆ ಹೋಗೋದು ಐದಕ್ಕೆ. ಅಪ್ಪನ್ನ ನಾಲ್ಕೂಕಾಲಿಗೆ ಬಿಡ್ತಾರೆ. ಮುಕ್ಕಾಲು ಗಂಟೆ ಅಲ್ಲೇ ಬೆಂಚ್ ಮೇಲೆ ಮಲಗಿಸಿರ್ತಾರೆ, ಅಮ್ಮ ಒಬ್ಬರೇ ಇರ್ತಾರೆ.’

‘ಇದನ್ನ ಅರ್ಜಿಯಲ್ಲಿ ಬರೆದಿರಲಿಲ್ಲವಲ್ಲ?’

‘ಬರೆದಿದ್ದೆ ಸರ್, ತುಂಬ ಕಷ್ಟ ಆಗ್ತಿದೆ ಅಂತ.’

ಕಷ್ಟ ಎಂದು ಬರೆದಿದ್ದರು, ಗಂಟೆಯನ್ನು ಬರೆದಿರಲಿಲ್ಲ. ಎಷ್ಟು ಹೊತ್ತಿಗೆ, ಎಲ್ಲಿ, ಯಾಕೆ ಅವರೇ ಇರಬೇಕು ಎಂಬ ಮೂರು ಸಂಗತಿ ಆ ಎರಡೂವರೆ ಪುಟದಲ್ಲಿ ಎಲ್ಲೂ ಒಟ್ಟಿಗೆ ಕಾಣುತ್ತಿರಲಿಲ್ಲ. ಅವು ಕಂಡಿದ್ದರೆ ಅರ್ಧ ಗಂಟೆಯ ಅನುಮತಿ ಉಪಯೋಗಕ್ಕೆ ಬರುವುದಿಲ್ಲ ಎಂದು ಓದುವವರಿಗೇ ಹೊಳೆಯುತ್ತಿತ್ತು. ಇದನ್ನು ಅವರಿಗೆ ಹೇಳಿದೆ. ಹೊಸ ಅರ್ಜಿ ಕೊಡಬಹುದು, ಆದರೆ ಯಲಹಂಕದ ಹತ್ತನೇ ತರಗತಿಗೆ ಯಾರು ಎಂಬುದಕ್ಕೆ ಅದರಲ್ಲಿ ಉತ್ತರ ಇರಬೇಕು ಎಂದೂ ಹೇಳಿದೆ. ಉತ್ತರ ಏನು ಎಂದು ನಾನು ಹೇಳಲಿಲ್ಲ, ಹೇಳುವ ಸ್ಥಾನದಲ್ಲೂ ಇರಲಿಲ್ಲ. ಆಮೇಲಿನದೆಲ್ಲ ಅವರು ಮಾಡಿದ ಕೆಲಸ.

ಬದಲಿ ದಾರಿಗಳ ಹುಡುಕಾಟ

ಅವರು ಮೊದಲು ಹುಡುಕಿದ್ದು ತಮ್ಮ ಜಾಗಕ್ಕೆ ಬರಬಲ್ಲವರನ್ನು. ಬನಶಂಕರಿ ಶಾಖೆಯ ಗಣಿತ ಶಿಕ್ಷಕರೊಬ್ಬರ ಮನೆ ವಿದ್ಯಾರಣ್ಯಪುರದಲ್ಲಿತ್ತು. ಪರಸ್ಪರ ಬದಲಾವಣೆಗೆ ಇದಕ್ಕಿಂತ ಒಳ್ಳೆಯ ಜೋಡಿ ಬೇಕೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಆ ಸರ್ ಮೊದಲು ಒಪ್ಪಲಿಲ್ಲ. ಅವರು ಜಾಲಹಳ್ಳಿಯಲ್ಲಿ ಮೆಟ್ರೊ ಹತ್ತಿ ಕೂತರೆ ರೈಲು ಬದಲಿಸದೆ ನೇರ ಬನಶಂಕರಿಯಲ್ಲಿ ಇಳಿಯುತ್ತಿದ್ದರು. ದೂರ ಇದ್ದರೂ ಅವರಿಗೆ ದಾರಿ ಹೊರೆಯಾಗಿರಲಿಲ್ಲ. ನಕ್ಷೆಯಲ್ಲಿ ಹತ್ತಿರ ಕಂಡದ್ದಕ್ಕೆ ಬೆಂಗಳೂರಿನಲ್ಲಿ ಅರ್ಥವಿಲ್ಲ, ಯಾವ ಮಾರ್ಗದಲ್ಲಿ ಎಂಬುದಕ್ಕಷ್ಟೇ ಅರ್ಥ.

ಮೇಡಂ ಅಲ್ಲಿಗೇ ಬಿಡದೆ, ಅವರಿಗೆ ಯಲಹಂಕದಿಂದ ಏನಾದರೂ ಅನುಕೂಲವಿದೆಯೇ ಎಂದು ವಿಚಾರಿಸಿದರು. ಇತ್ತು. ಸರ್ ಮಗಳು ಮುಂದಿನ ಜೂನ್‌ಗೆ ಒಂದನೇ ತರಗತಿ ಸೇರಬೇಕಿತ್ತು. ಅಷ್ಟು ಚಿಕ್ಕ ಮಗುವನ್ನು ದಿನಾ ಬನಶಂಕರಿಗೆ ಕರೆದೊಯ್ಯಲು ಅವರಿಗೆ ಮನಸ್ಸಿರಲಿಲ್ಲ. ಸಿಬ್ಬಂದಿ ಮಕ್ಕಳಿಗೆ ಟ್ರಸ್ಟ್ ಕೊಡುವ ಶುಲ್ಕ ರಿಯಾಯಿತಿ, ನೌಕರರು ಕೆಲಸ ಮಾಡುವ ಶಾಖೆಗಷ್ಟೇ ಅನ್ವಯವಾಗುತ್ತಿತ್ತು. ಯಲಹಂಕದ ಶಾಖೆಗೆ ಬಂದರೆ ಮಗಳನ್ನು ಜತೆಯಲ್ಲೇ ಗಾಡಿಯಲ್ಲಿ ಕರೆತರಬಹುದು, ರಿಯಾಯಿತಿಯೂ ಸಿಗುತ್ತದೆ. ಆದರೆ ಜೂನ್‌ನಿಂದ, ಈಗಲೇ ಅಲ್ಲ. ಆ ಷರತ್ತಿನ ಮೇಲೆ ಅವರು ಒಪ್ಪಿ ಲಿಖಿತ ಒಪ್ಪಿಗೆ ಕೊಟ್ಟರು.

ಅಲ್ಲಿಗೆ ಅರ್ಜಿಯ ರೂಪವೇ ಬದಲಾಯಿತು. ತಕ್ಷಣ ವರ್ಗಾವಣೆ ಬೇಡ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಬೇಕು. ಹತ್ತನೇ ತರಗತಿಯನ್ನು ನಡುವಲ್ಲಿ ಬಿಟ್ಟು ಹೋಗುವ ಪ್ರಶ್ನೆಯೇ ಏಳುವುದಿಲ್ಲ. ಆದರೆ ಅಲ್ಲಿಯವರೆಗಿನ ಆರೇಳು ತಿಂಗಳು ಏನು ಮಾಡುವುದು?

ಇದಕ್ಕೆ ಅವರು ತಮ್ಮ ಶಾಲೆಯ ವೇಳಾಪಟ್ಟಿಯನ್ನೇ ಮುಂದಿಟ್ಟುಕೊಂಡು ಕೂತರು. ಆರನೇ ಪಿರಿಯಡ್ ಎರಡು ಗಂಟೆ ಐದು ನಿಮಿಷಕ್ಕೆ ಮುಗಿಯುತ್ತದೆ. ಆಗ ಹೊರಟರೆ ರಸ್ತೆ ಇನ್ನೂ ಸಡಿಲ, ನಾಲ್ಕರ ಹೊತ್ತಿಗೆ ಜಯನಗರ. ಸೋಮ, ಬುಧ, ಶುಕ್ರ ಮೂರು ದಿನಗಳ ಕೊನೆಯ ಎರಡೆರಡು, ಒಟ್ಟು ಆರು ಪಿರಿಯಡ್‌ಗಳಲ್ಲಿ ಅವರ ತರಗತಿ ಇದ್ದದ್ದು ಮೂರರಲ್ಲಿ ಮಾತ್ರ. ಆ ಮೂರನ್ನು ಬೆಳಗಿನ ಪಿ.ಟಿ., ಚಿತ್ರಕಲೆ ಮತ್ತು ಹಿಂದಿ ಪಿರಿಯಡ್‌ಗಳೊಂದಿಗೆ ಅದಲುಬದಲು ಮಾಡಬಹುದಿತ್ತು. ಪಿ.ಟಿ. ಸರ್‌ಗೆ ಕೊನೆಯ ಪಿರಿಯಡ್ ಸಿಕ್ಕರೆ ಖುಷಿಯೇ. ಹಿಂದಿ ಮೇಡಂ ಸ್ವಲ್ಪ ಹಿಂಜರಿದು, ಶನಿವಾರದ ಒಂದು ಪಿರಿಯಡ್ ಬದಲಿಗೆ ಪಡೆದು ಒಪ್ಪಿದರು. ಮೂವರ ಸಹಿಯೂ ಹೊಸ ವೇಳಾಪಟ್ಟಿಯ ಕೆಳಗೆ ಬಂತು. ಯಾರಿಗೂ ಸಬ್‌ಸ್ಟಿಟ್ಯೂಷನ್ ಹೊರೆ ಇಲ್ಲ.

ಕೆಲಸದ ಅವಧಿಯ ಲೆಕ್ಕವನ್ನೂ ಅವರೇ ಹಾಕಿದರು. ದಿನಕ್ಕೆ 85 ನಿಮಿಷದಂತೆ ವಾರಕ್ಕೆ 4 ಗಂಟೆ 15 ನಿಮಿಷ ಕಡಿಮೆ ಬೀಳುತ್ತದೆ. ಮಂಗಳ, ಗುರು, ಶನಿವಾರ ಬೆಳಗ್ಗೆ ಏಳೂವರೆಯಿಂದ ಎಂಟೂವರೆ ಹತ್ತನೇ ತರಗತಿಯ ಹಿಂದುಳಿದ ಮಕ್ಕಳಿಗೆ ವಿಶೇಷ ತರಗತಿ, ಶನಿವಾರ ಶಾಲೆ ಬಿಟ್ಟ ಮೇಲೆ ಒಂದೂಕಾಲು ಗಂಟೆ ಉತ್ತರ ಪತ್ರಿಕೆ ಮತ್ತು ಆಂತರಿಕ ಅಂಕಗಳ ಕೆಲಸ. ಅಲ್ಲಿಗೆ ಲೆಕ್ಕ ಸರಿಹೋಯಿತು.

ಮೂರನೆಯ ದಾರಿಯೊಂದನ್ನೂ ಅವರು ಇಟ್ಟುಕೊಂಡಿದ್ದರು. ಬನಶಂಕರಿ ಶಾಖೆಯಲ್ಲಿ ಆರು–ಏಳನೇ ತರಗತಿಯ ಗಣಿತ ಶಿಕ್ಷಕಿ ಬರುವ ವರ್ಷ ಹೆರಿಗೆ ರಜೆಗೆ ಹೋಗುವವರಿದ್ದರು. ಪರಸ್ಪರ ಬದಲಾವಣೆ ಮುರಿದುಬಿದ್ದರೆ ಆ ಜಾಗಕ್ಕೆ ತಾತ್ಕಾಲಿಕವಾಗಿ ನಿಯೋಜನೆ ಮಾಡಬಹುದು ಎಂಬುದು ಅವರ ಸಲಹೆ. ಮೊದಲ ಕರಡಿನಲ್ಲಿ ‘ಯಾವುದೇ ತರಗತಿಗಾದರೂ ಸರಿ’ ಎಂದಷ್ಟೇ ಬರೆದಿದ್ದರಂತೆ. ಆಮೇಲೆ ಅದನ್ನು ಹೊಡೆದುಹಾಕಿ, ‘ಈಗಿನ ವೇತನ ಶ್ರೇಣಿ ಮತ್ತು ಜ್ಯೇಷ್ಠತೆಯನ್ನು ಉಳಿಸಿಕೊಂಡು’ ಎಂದು ಸೇರಿಸಿದರು. ಈ ಎಚ್ಚರ ಬಹಳ ಮುಖ್ಯ. ಹಿರಿಯ ಪ್ರಾಥಮಿಕದ ಹುದ್ದೆಗೆ ಬೇರೆ ಶ್ರೇಣಿಯಿತ್ತು. ಷರತ್ತಿಲ್ಲದೆ ಒಪ್ಪಿದ್ದರೆ ಸಂಬಳವೂ ಇಳಿಯುತ್ತಿತ್ತು.

ಎರಡನೇ ಅರ್ಜಿ

ಸೆಪ್ಟೆಂಬರ್‌ನಲ್ಲಿ ಬಂದ ಅರ್ಜಿ ಒಂದೂಕಾಲು ಪುಟ, ಲಗತ್ತುಗಳು ನಾಲ್ಕು. ಅದರ ಮುಖ್ಯ ಭಾಗವನ್ನು ಅವರ ಮಾತಿನಲ್ಲೇ ಕೊಡುತ್ತೇನೆ:

‘ವಿಷಯ: ಎಸ್ಸೆಸ್ಸೆಲ್ಸಿ ಪರೀಕ್ಷೆಯ ನಂತರ ಬನಶಂಕರಿ ಶಾಖೆಗೆ ಪರಸ್ಪರ ವರ್ಗಾವಣೆ ಹಾಗೂ ಅಲ್ಲಿಯವರೆಗೆ ವೇಳಾಪಟ್ಟಿ ಹೊಂದಾಣಿಕೆ ಕೋರಿ.

ಮಾನ್ಯರೇ, ನನ್ನ ತಂದೆಯವರಿಗೆ ಸೋಮವಾರ, ಬುಧವಾರ, ಶುಕ್ರವಾರ ಜಯನಗರದಲ್ಲಿ ಡಯಾಲಿಸಿಸ್ ನಡೆಯುತ್ತಿದ್ದು, ಸಂಜೆ 4.15ಕ್ಕೆ ಮುಗಿಯುತ್ತದೆ. ಚಿಕಿತ್ಸೆಯ ನಂತರ ಅವರನ್ನು ಕರೆತರಲು ಒಬ್ಬ ಸಹಾಯಕರು ಅಗತ್ಯವೆಂದು ವೈದ್ಯರು ದೃಢೀಕರಿಸಿದ್ದಾರೆ (ಲಗತ್ತು 1). ತಾಯಿಯವರಿಗೆ ಮಂಡಿ ನೋವಿನಿಂದ ಇದು ಸಾಧ್ಯವಿಲ್ಲ. ಪತಿಯವರು ಹೊಸೂರಿನಲ್ಲಿ ಕೆಲಸದಲ್ಲಿದ್ದು ರಾತ್ರಿ 8ಕ್ಕೆ ಮನೆಗೆ ಬರುತ್ತಾರೆ. ನಾನು ಒಬ್ಬಳೇ ಮಗಳು. ಶಾಲೆಯಿಂದ 3.30ಕ್ಕೆ ಹೊರಟರೆ 5.30ಕ್ಕೆ, 3ಕ್ಕೆ ಹೊರಟರೆ 5ಕ್ಕೆ ಜಯನಗರ ತಲುಪುತ್ತೇನೆ. ಆದ್ದರಿಂದ ತಾವು ಜುಲೈನಲ್ಲಿ ದಯಪಾಲಿಸಿದ ಅನುಮತಿಯಿಂದ ಉದ್ದೇಶ ಈಡೇರುತ್ತಿಲ್ಲ. ಅದನ್ನು ಹಿಂತಿರುಗಿಸುತ್ತಿದ್ದೇನೆ.’

ಆ ಕೊನೆಯ ವಾಕ್ಯ ಓದಿ ಕಾರ್ಯದರ್ಶಿಗಳು ತಲೆಯೆತ್ತಿದ್ದು ನನಗೆ ನೆನಪಿದೆ. ಸಿಕ್ಕ ಸವಲತ್ತನ್ನು ಬೇಡ ಎಂದು ವಾಪಸ್ ಕೊಟ್ಟವರನ್ನು ಅವರು ಕಂಡಿರಲಿಲ್ಲ. ‘ಒಮ್ಮೆ ಕೊಟ್ಟಿದ್ದೇವಲ್ಲ’ ಎಂಬ ಮಾತಿಗೆ ಅಲ್ಲಿ ಜಾಗವೇ ಉಳಿಯಲಿಲ್ಲ.

ವರದಿಗಳ ಕಟ್ಟಿನ ಬದಲು ಈ ಸಲ ಮೂತ್ರಪಿಂಡ ತಜ್ಞರ ಒಂದು ಪುಟದ ಪ್ರಮಾಣಪತ್ರ ಇತ್ತು. ದಿನಗಳು, ವೇಳೆ, ಚಿಕಿತ್ಸೆ ದೀರ್ಘಕಾಲ ಮುಂದುವರಿಯುತ್ತದೆ ಎಂಬುದು, ಸಹಾಯಕರ ಅಗತ್ಯ, ಇಷ್ಟೇ. ಕಚೇರಿಗೆ ಬೇಕಾದದ್ದೂ ಇಷ್ಟೇ. ಕ್ರಿಯಾಟಿನಿನ್ ಎಷ್ಟು, ಸ್ಕ್ಯಾನ್‌ನಲ್ಲಿ ಏನು ಬಂತು ಎಂದು ಓದಿ ತಿಳಿಯುವವರು ನಮ್ಮಲ್ಲಿ ಇರಲಿಲ್ಲ. ಒಬ್ಬ ಹಿರಿಯರ ಕಾಯಿಲೆಯ ಕಾಗದಗಳು ಆಡಳಿತ ಕಚೇರಿಯ ಮೇಜಿನಿಂದ ಮೇಜಿಗೆ ಓಡಾಡುವುದೂ ಸರಿಯಲ್ಲ.

ಸೇವಾ ವಿವರ ಪ್ರತ್ಯೇಕ ಅರ್ಧ ಪುಟದಲ್ಲಿತ್ತು. ಸೇರಿದ ದಿನಾಂಕ, ಪ್ರೊಬೇಷನ್ ಮುಗಿದು ಕಾಯಂ ಆದ ಆದೇಶದ ಸಂಖ್ಯೆ, ಯಾವ ವರ್ಷ ಯಾವ ತರಗತಿಗಳು, ಕಳೆದ ಮೂರು ವರ್ಷ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಹಾಜರಾದವರು ಮತ್ತು ಉತ್ತೀರ್ಣರಾದವರು, ಮೌಲ್ಯಮಾಪನ ಶಿಬಿರದ ಕರ್ತವ್ಯ, ಬಾಕಿ ಇರುವ ರಜೆ. ‘ನಿಷ್ಠೆ’ ಎಂಬ ಪದ ಎಲ್ಲೂ ಇರಲಿಲ್ಲ. ಇನ್ನೊಂದು ಸಾಲು ಇತ್ತು: ‘ಎರಡು ವರ್ಷದ ಹಿಂದೆ ತಡವಾಗಿ ಹಾಜರಾದ ಬಗ್ಗೆ ಒಂದು ಮೆಮೊ ಪಡೆದಿದ್ದು, ಸಮಜಾಯಿಷಿ ನೀಡಿ ಅಂಗೀಕೃತವಾಗಿದೆ. ನಂತರ ಅಂಥ ಪ್ರಸಂಗ ಬಂದಿಲ್ಲ.’ ಇದನ್ನು ಬರೆಯಬೇಡಿ ಎಂದು ಸಹೋದ್ಯೋಗಿಗಳು ಹೇಳಿದ್ದರಂತೆ. ಅವರು ಬರೆದದ್ದೇ ಸರಿ ಎಂದು ನನ್ನ ಗಟ್ಟಿ ಅಭಿಪ್ರಾಯ. ವರ್ಗಾವಣೆಯ ಅರ್ಜಿ ಬಂದ ತಕ್ಷಣ ಕಚೇರಿಯವರು ಮಾಡುವ ಮೊದಲ ಕೆಲಸ ವೈಯಕ್ತಿಕ ಫೈಲ್ ತೆಗೆಸುವುದು. ಅರ್ಜಿಯಲ್ಲಿ ಇಲ್ಲದ ಮೆಮೊ ಫೈಲಿನಲ್ಲಿ ಸಿಕ್ಕರೆ ಚರ್ಚೆಯೆಲ್ಲ ಅದರ ಸುತ್ತಲೇ ತಿರುಗುತ್ತದೆ. ಅರ್ಜಿಯಲ್ಲೇ ಇದ್ದದ್ದರಿಂದ ಅದನ್ನು ಓದಿ ಎಲ್ಲರೂ ಮುಂದಿನ ಸಾಲಿಗೆ ಹೋದರು.

ಬದಲಿ ದಾರಿಗಳ ಅನುಕ್ರಮವೂ ಸ್ಪಷ್ಟವಾಗಿತ್ತು. ಮೊದಲನೆಯದು ಜೂನ್‌ನಿಂದ ಪರಸ್ಪರ ವರ್ಗಾವಣೆ. ಅದಾಗದಿದ್ದರೆ ಹೆರಿಗೆ ರಜೆಯ ಜಾಗಕ್ಕೆ ನಿಯೋಜನೆ. ಎರಡರಲ್ಲಿ ಯಾವುದಾದರೂ, ಅಲ್ಲಿಯವರೆಗೆ ವೇಳಾಪಟ್ಟಿ ಹೊಂದಾಣಿಕೆ, ಅದೂ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚಿನ ಕೊನೆಯ ತರಗತಿಯ ದಿನದವರೆಗೆ ಮಾತ್ರ. ಈ ಯಾವುದನ್ನು ಕೊಟ್ಟರೂ ನಾಲ್ಕೂಕಾಲಿಗೆ ಅವರು ಜಯನಗರದಲ್ಲಿ ಇರುತ್ತಿದ್ದರು. ಆ ಪರೀಕ್ಷೆಯಲ್ಲಿ ನಪಾಸಾದ ಯಾವ ದಾರಿಯನ್ನೂ ಈ ಸಲ ಕಾಗದಕ್ಕೆ ಇಳಿಸಿರಲಿಲ್ಲ. ಆಡಳಿತ ಯಾವತ್ತೂ ತನಗೆ ಕಡಿಮೆ ತೊಂದರೆಯದನ್ನು ಆರಿಸುತ್ತದೆ. ಹಾಗಾಗಿ ನಮಗೆ ಉಪಯೋಗಕ್ಕೆ ಬಾರದ ಸುಲಭದ ದಾರಿಯನ್ನು ನಾವೇ ತೋರಿಸಿಕೊಟ್ಟರೆ ಅದೇ ನಮ್ಮ ಪಾಲಿಗೆ ಬರುತ್ತದೆ.

ಸರ್ಕಾರಿ ಶಾಲೆಯವರಿಗೆ ಇಲ್ಲೊಂದು ಮಾತು ಹೇಳಬೇಕು. ಅಲ್ಲಿ ವರ್ಗಾವಣೆ ನಡೆಯುವುದು 2020ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಅಧಿನಿಯಮದ ಪ್ರಕಾರ, ಕೌನ್ಸೆಲಿಂಗ್ ಮೂಲಕ. ಆದ್ಯತೆಯ ಪ್ರಕರಣಗಳು ಯಾವುವು ಎಂದು ಕಾಯ್ದೆ ಮತ್ತು ನಿಯಮಗಳಲ್ಲೇ ಇರುತ್ತದೆ. ಪತ್ರ ಎಷ್ಟೇ ಚೆನ್ನಾಗಿದ್ದರೂ ಆ ಆದ್ಯತೆಯ ದಾಖಲೆ ನಿಗದಿತ ದಿನದೊಳಗೆ ಸಲ್ಲಿಕೆಯಾಗದಿದ್ದರೆ ಪ್ರಯೋಜನವಿಲ್ಲ. ಪರಸ್ಪರ ವರ್ಗಾವಣೆಯ ದಾರಿ ಅಲ್ಲೂ ಇದೆ. ಆದರೆ ಇಲ್ಲಿ ಹೇಳಿದ ವೇಳಾಪಟ್ಟಿ, ಷರತ್ತು, ಚೌಕಾಸಿಗೆಲ್ಲ ಜಾಗ ಇರುವುದು ಆಡಳಿತ ಮಂಡಳಿಯ ಕೈಯಲ್ಲಿ ನಿರ್ಧಾರವಿರುವ ಖಾಸಗಿ ಸಂಸ್ಥೆಗಳಲ್ಲಿ.

ಏನಾಯಿತು

ವೇಳಾಪಟ್ಟಿ ಹೊಂದಾಣಿಕೆಗೆ ಒಂದೇ ವಾರದಲ್ಲಿ ಒಪ್ಪಿಗೆ ಬಂತು. ದಸರಾ ರಜೆ ಮುಗಿದ ಮೇಲೆ ಜಾರಿಯಾಯಿತು. ವರ್ಗಾವಣೆ ಅಷ್ಟು ಸಲೀಸಾಗಲಿಲ್ಲ.

ಬನಶಂಕರಿಯ ಮುಖ್ಯೋಪಾಧ್ಯಾಯರು ತಕರಾರು ತೆಗೆದರು. ತಮ್ಮ ಒಂಬತ್ತನೇ ತರಗತಿಯ ಮಕ್ಕಳನ್ನು ಆ ಸರ್ ಹತ್ತಕ್ಕೂ ಕರೆದೊಯ್ಯಬೇಕು ಎಂದು ಅವರು ಯೋಜನೆ ಹಾಕಿದ್ದರು. ಹೊಸಬರ ಕೈಗೆ ಹತ್ತನೇ ತರಗತಿ ಕೊಡಲು ಸಿದ್ಧರಿರಲಿಲ್ಲ. ಮೇಡಂ ಮೂರು ವರ್ಷದ ಫಲಿತಾಂಶ ಮುಂದಿಟ್ಟು ವಾದಿಸಬಹುದಿತ್ತು. ಅವರು ಹಾಗೆ ಮಾಡದೆ, ಮೊದಲ ವರ್ಷ ತಮಗೆ ಎಂಟು ಮತ್ತು ಒಂಬತ್ತು ಕೊಟ್ಟರೆ ಸಾಕು, ಹತ್ತನ್ನು ಅಲ್ಲಿಯ ಇನ್ನೊಬ್ಬ ಹಿರಿಯ ಶಿಕ್ಷಕಿ ತೆಗೆದುಕೊಳ್ಳಲಿ ಎಂದರು. ಒಂಬತ್ತು ವರ್ಷ ದುಡಿದವರಿಗೆ ಇದು ಸಣ್ಣ ತ್ಯಾಗವಲ್ಲ. ಖಾಸಗಿ ಶಾಲೆಯಲ್ಲಿ ಗಣಿತ ಶಿಕ್ಷಕರ ತೂಕ ಇರುವುದೇ ಹತ್ತನೇ ತರಗತಿಯಲ್ಲಿ. ಆದರೆ ಗಂಟು ಬಿಚ್ಚಿದ್ದು ಅದರಿಂದಲೇ.

ಡಿಸೆಂಬರ್‌ನಲ್ಲಿ ಡಯಾಲಿಸಿಸ್ ಕೇಂದ್ರದವರು ಬೆಳಗಿನ ಪಾಳಿಯಲ್ಲಿ ಜಾಗ ಖಾಲಿಯಾಗಿದೆ, ಬರುತ್ತೀರಾ ಎಂದು ಕೇಳಿದರು. ಬೆಳಗ್ಗೆ ಮುಗಿಯುವುದು ಹತ್ತೂವರೆಗೆ. ಆಗ ಕರೆತರಲು ಮನೆಯಲ್ಲಿ ಯಾರೂ ಇಲ್ಲ. ಅವರು ಬೇಡ ಎಂದರು, ಹಾಗೆ ಹೇಳಿದ ದಿನವೇ ಕಾರಣ ಸಹಿತ ಎರಡು ಸಾಲು ಬರೆದು ನಮ್ಮ ಕಚೇರಿಗೆ ಕಳಿಸಿದರು. ‘ಬೆಳಗಿನ ಪಾಳಿ ಸಿಕ್ಕರೂ ತಗೊಂಡಿಲ್ಲವಂತೆ’ ಎಂಬ ಸುದ್ದಿ ಜನವರಿಯಲ್ಲಿ ಬೇರೆ ಬಾಯಿಂದ ನಮ್ಮ ಕಚೇರಿಗೆ ಬಂತು. ಅಷ್ಟರಲ್ಲಿ ಫೈಲಿನಲ್ಲಿ ಅದಕ್ಕೆ ಉತ್ತರ ಕೂತಿತ್ತು.

ದೊಡ್ಡ ಅಪಾಯ ಕಾದಿದ್ದು ಕೊನೆಯಲ್ಲಿ. ಎರಡು ಶಾಖೆಗಳ ಸಂಬಳದ ಲೆಕ್ಕ ಬೇರೆ ಬೇರೆಯಾಗಿ ನಡೆಯುತ್ತಿತ್ತು. ಲೆಕ್ಕಪತ್ರ ವಿಭಾಗದವರು ತಮ್ಮ ಅನುಕೂಲಕ್ಕೆ, ‘ಇಲ್ಲಿ ರಾಜೀನಾಮೆ ಕೊಟ್ಟು ಅಲ್ಲಿ ಹೊಸದಾಗಿ ಸೇರಲಿ, ಸಂಬಳ ಅಷ್ಟೇ ಇರುತ್ತೆ’ ಎಂದರು. ಕೇಳಲು ಏನೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಹಾಗೆ ಮಾಡಿದರೆ ಒಂಬತ್ತು ವರ್ಷದ ಜ್ಯೇಷ್ಠತೆ ಅಳಿಸಿಹೋಗುತ್ತದೆ, ಮತ್ತೆ ಪ್ರೊಬೇಷನ್ ಶುರುವಾಗುತ್ತದೆ. ಗ್ರಾಚ್ಯುಟಿಗೂ ಪೆಟ್ಟು. ಗ್ರಾಚ್ಯುಟಿ ಲೆಕ್ಕ ಹಾಕುವುದು ಕೊನೆಯ ತಿಂಗಳ ವೇತನದ ಮೇಲೆ: ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಅವರ ಲೆಕ್ಕಕ್ಕೆ ಬರುವ ವೇತನ 31,200 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 18,000, ಒಂಬತ್ತು ವರ್ಷಕ್ಕೆ 1,62,000. ರಾಜೀನಾಮೆ ಕೊಟ್ಟರೆ ಈ ಹಣ ಈಗ ಕೈಗೆ ಬರುತ್ತದೆ ನಿಜ. ಆದರೆ ಮುಂದೆ ಸಂಬಳ ಹೆಚ್ಚಾದಾಗ ಈ ಒಂಬತ್ತು ವರ್ಷಗಳು ಆ ಹೆಚ್ಚಿನ ಸಂಬಳದ ಲೆಕ್ಕಕ್ಕೆ ಸಿಗುವುದಿಲ್ಲ. ಹೊಸ ಸೇವೆಗೆ ಗ್ರಾಚ್ಯುಟಿ ಹಕ್ಕು ಬರಬೇಕಾದರೆ ಮತ್ತೆ ಐದು ವರ್ಷ ಕಾಯಬೇಕು. ಡಯಾಲಿಸಿಸ್ ನಡೆಯುತ್ತಿರುವ ಮನೆಯಲ್ಲಿ ಒಟ್ಟಿಗೆ ಬರುವ ಒಂದೂವರೆ ಲಕ್ಷ ಎಷ್ಟು ದೊಡ್ಡ ಆಸೆ ಎಂದು ಬೇರೆ ಹೇಳಬೇಕಿಲ್ಲ. ಮೇಡಂ ಎರಡು ದಿನ ಯೋಚಿಸಿ ಬೇಡ ಎಂದರು. ‘ವರ್ಗಾವಣೆ ಕೇಳಿದ್ದೇನೆ, ರಾಜೀನಾಮೆ ಕೊಡುತ್ತೇನೆ ಎಂದಿಲ್ಲ’ ಎಂದು ಒಂದು ಸಾಲಿನ ಪತ್ರ ಕೊಟ್ಟರು. ಅವರ ಎರಡನೇ ಅರ್ಜಿಯಲ್ಲಿ ಜ್ಯೇಷ್ಠತೆ ಉಳಿಸಿಕೊಂಡು ಎಂಬ ಮಾತು ಆಗಲೇ ಇದ್ದದ್ದರಿಂದ ನನಗೂ ಅವರ ಪರವಾಗಿ ಟಿಪ್ಪಣಿ ಬರೆಯುವುದು ಸುಲಭವಾಯಿತು. ಅಂತಿಮ ಆದೇಶದಲ್ಲಿ ‘ಸೇವಾ ನಿರಂತರತೆಯೊಂದಿಗೆ’ ಎಂಬ ಪದಗಳು ಸೇರಿದವು. ಇಬ್ಬರೂ ಒಂದೇ ದಿನ ರಿಲೀವ್ ಆಗಿ, ಮರುದಿನ ಹೊಸ ಶಾಖೆಗಳಲ್ಲಿ ಹಾಜರಾದರು.

ಇದರಿಂದ ಕಲಿಯಬಹುದಾದದ್ದು

ಈ ಪ್ರಕರಣದ ಬಗ್ಗೆ ಮಾತಾಡುವಾಗ ಎಲ್ಲರೂ ಎರಡನೇ ಪತ್ರದ ಭಾಷೆಯನ್ನು ಹೊಗಳುತ್ತಾರೆ. ಭಾಷೆ ಚೆನ್ನಾಗಿಯೇ ಇತ್ತು. ಆದರೆ ಪತ್ರ ಗೆದ್ದದ್ದು ಅದನ್ನು ಬರೆಯುವ ಮೊದಲು ಆದ ಓಡಾಟದಿಂದ: ವಿದ್ಯಾರಣ್ಯಪುರದ ಸರ್ ಜತೆಗಿನ ಮಾತುಕತೆ, ಮೂವರು ಸಹೋದ್ಯೋಗಿಗಳ ಸಹಿ, ವೈದ್ಯರ ಹತ್ತಿರ ಕೇಳಿ ಬರೆಸಿದ ಆ ಒಂದು ಪುಟ. ಅವು ಇಲ್ಲದಿದ್ದರೆ ಅದೇ ಭಾಷೆಯ ಪತ್ರ ಇನ್ನೊಂದು ‘ಮುಂದಿನ ವರ್ಷ ನೋಡೋಣ’ ಎಂಬ ಉತ್ತರ ಪಡೆಯುತ್ತಿತ್ತು. ಅರ್ಜಿ ಬರೆಯಲು ಕೂತಿರುವ ಶಿಕ್ಷಕರು ಯಾರಾದರೂ ಇದನ್ನು ಓದುತ್ತಿದ್ದರೆ, ಮೊದಲು ನಿಮ್ಮ ಕಷ್ಟವನ್ನು ಗಡಿಯಾರದ ಮೇಲೆ ಗುರುತಿಸಿ ನೋಡಿ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ. ಆಮೇಲೆ ನೀವು ಕೊಡಬೇಕೆಂದಿರುವ ಪ್ರತಿಯೊಂದು ಬದಲಿ ದಾರಿಯನ್ನೂ ಆ ಗಡಿಯಾರಕ್ಕೆ ಹಿಡಿದು ನೋಡಿ, ಹೊಂದದ್ದನ್ನು ಬರೆಯಲೇಬೇಡಿ. ವಿನಯಕ್ಕೆಂದು ಬರೆದ ‘ಅದೂ ಆಗದಿದ್ದರೆ’ ಎಂಬ ಸಾಲು ಈ ಮೇಡಂಗೆ ಎರಡು ತಿಂಗಳು ತಿಂದಿತು.

ಈ ಪ್ರಕರಣದ ಮಿತಿಯನ್ನೂ ಹೇಳಬೇಕು. ಇವರಿಗೆ ಜೋಡಿ ಸಿಕ್ಕರು. ಎಲ್ಲರಿಗೂ ಸಿಗುವುದಿಲ್ಲ. ಸಂಗೀತ, ಸಂಸ್ಕೃತದಂತೆ ಶಾಖೆಗೆ ಒಬ್ಬರೇ ಇರುವ ವಿಷಯಗಳಲ್ಲಿ ಇನ್ನೂ ಕಷ್ಟ. ಅಂಥವರು ಕಾಯಬೇಕಾದದ್ದು ಹುದ್ದೆ ಖಾಲಿಯಾಗುವುದನ್ನು: ಯಾರು ಯಾವಾಗ ನಿವೃತ್ತರಾಗುತ್ತಾರೆ, ಯಾರು ಹೆರಿಗೆ ರಜೆಗೆ ಹೋಗುತ್ತಾರೆ, ಯಾವ ಶಾಖೆಯಲ್ಲಿ ಹೊಸ ಸೆಕ್ಷನ್ ತೆರೆಯುತ್ತಾರೆ. ನಮ್ಮಲ್ಲಿ ಮುಂದಿನ ವರ್ಷದ ಸಿಬ್ಬಂದಿ ಪಟ್ಟಿ ಜನವರಿಯಲ್ಲಿ ತಯಾರಾಗುತ್ತಿತ್ತು, ಫೆಬ್ರುವರಿಯಲ್ಲಿ ಹೊಸಬರ ಸಂದರ್ಶನ ಶುರುವಾಗುತ್ತಿತ್ತು. ಡಿಸೆಂಬರ್‌ನಲ್ಲಿ ಬಂದ ಅರ್ಜಿ ಆ ಪಟ್ಟಿಯೊಳಗೆ ಸೇರುತ್ತಿತ್ತು. ಏಪ್ರಿಲ್‌ನಲ್ಲಿ ಬಂದದ್ದು, ಅಷ್ಟರಲ್ಲಿ ನೇಮಕವಾಗಿಬಿಟ್ಟ ಹೊಸಬರ ಮುಂದೆ ನಿಲ್ಲಬೇಕಿತ್ತು. ನಿಮ್ಮ ಸಂಸ್ಥೆಯಲ್ಲಿ ಆ ಪಟ್ಟಿ ಯಾವ ತಿಂಗಳಲ್ಲಿ ತಯಾರಾಗುತ್ತದೆ ಎಂದು ಕಚೇರಿಯ ಗುಮಾಸ್ತರನ್ನು ಕೇಳಿದರೆ ಹೇಳುತ್ತಾರೆ.